ಬೋಣಿ, ಕೊಸರು, ಮತ್ತು ತೊನಲಾದ ಒಂದು ಹೂಜಿ

"ಅಕ್ಕಾ, ಮುಂದಿನ ತಿಂಗಳು ನಾವಿಬ್ಬರೂ ಮೆಕ್ಸಿಕೋದ ಗ್ವಾದಲಹಾರಾಕ್ಕೆ ಬರ್ತಿದ್ದೀವಿ. ತರಕಾರಿ, ಮನೆ ಸಾಮಾನೆಲ್ಲ ಅಲ್ಲಿ ರಸ್ತೆ ಸಂತೆಯಲ್ಲೇ ತಗೊಳ್ಳೋಣ ಅಂತಿದ್ದೀವಿ. ಚೌಕಾಸಿ ಮಾಡಬಹುದಾ? ಸ್ಪ್ಯಾನಿಷ್‌ನಲ್ಲಿ ಮರ್ಯಾದೆಯಾಗಿ ಹೇಗೆ ಕೇಳೋದು? ಮೊಬೈಲ್ ಆ್ಯಪ್‌ನಲ್ಲಿ ಎರಡು ತಿಂಗಳು ಕಲಿತಿದ್ದೀನಿ ಅಷ್ಟೇ. ಒಬ್ಬಳೇ ಹೋದರೆ ಭಯ ಇಲ್ಲ ತಾನೇ?"

ನನ್ನ ತಂಗಿಯ ವಯಸ್ಸಿನವಳು ಅಂತ ಏಕವಚನದಲ್ಲೇ ಬರೆಯುತ್ತಿದ್ದೇನೆ, ಬೇಜಾರಿಲ್ಲ ಅಲ್ವಾ?

ಭಯ ಬೇಡ. ಬೆಳಗ್ಗೆ ಹೋಗು, ಚೀಲ ಮುಂದಕ್ಕೆ ಹಾಕಿಕೋ, ಚಿಲ್ಲರೆ ಇಟ್ಟುಕೋ. ಬೆಲೆಯ ಮುಂದೆ ಡಾಲರ್ ಗುರುತು ಇರುತ್ತದೆ, ಹೆದರಬೇಡ. ಅದು ಪೆಸೊ.

ಇಲ್ಲಿ ರಸ್ತೆ ಸಂತೆಗೆ ತಿಯಾಂಗಿಸ್ ಅನ್ನುತ್ತಾರೆ. ಸ್ಪೇನಿನವರು ಬರುವ ಮೊದಲಿನಿಂದ ಇದ್ದ ನಾವಾಟ್ಲ್ ಭಾಷೆಯ ಮಾತು ಅದು. ಒಂದೊಂದು ಬಡಾವಣೆಗೆ ವಾರದಲ್ಲಿ ಒಂದೊಂದು ದಿನ. ಬೆಳಗ್ಗೆ ರಸ್ತೆಗೆ ಅಡ್ಡಲಾಗಿ ಬಣ್ಣದ ಟಾರ್ಪಾಲು ಕಟ್ಟುತ್ತಾರೆ, ಮಧ್ಯಾಹ್ನದ ಊಟದ ಹೊತ್ತಿಗೆ ಬಿಚ್ಚಿಕೊಂಡು ಹೋಗುತ್ತಾರೆ. 2012ರಲ್ಲಿ ಬಂದ ಹೊಸದರಲ್ಲಿ ನಮ್ಮ ಬೀದಿಯಲ್ಲಿ ಮೊದಲ ಸಲ ಅದನ್ನು ನೋಡಿದಾಗ ನನಗೆ ಅರಸೀಕೆರೆ ಕಡೆಯ ನಮ್ಮೂರ ಸಂತೆಯೇ ಎದ್ದು ಬಂದ ಹಾಗಾಯಿತು. ತರಕಾರಿಯ ಗುಡ್ಡೆ, ಸೊಪ್ಪಿನ ಕಟ್ಟು, ಕೂಗು, ಎಲ್ಲ ಅದೇ. ಹಾಗಾಗಿ ಚೌಕಾಸಿಯೂ ಅದೇ ಅಂದುಕೊಂಡೆ. ತಪ್ಪಿದ್ದು ಅಲ್ಲೇ.

ಮೊದಲು ತರಕಾರಿಯ ಮಾತು. ಅಂಗಡಿ ಮುಂದೆ ನಿಂತ ತಕ್ಷಣ ಬೆಲೆ ಕೇಳಬೇಡ. "ಬ್ವೇನೊಸ್ ದೀಯಾಸ್" ಅನ್ನು, ಮಧ್ಯಾಹ್ನ ದಾಟಿದ್ದರೆ "ಬ್ವೇನಾಸ್ ತಾರ್ದೆಸ್". ನಮ್ಮಲ್ಲಿ "ಟೊಮೇಟೊ ಎಷ್ಟಪ್ಪಾ" ಅಂತ ನೇರವಾಗಿ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಇಲ್ಲಿ ನಮಸ್ಕಾರ ಹೇಳದೆ ಬೆಲೆ ಕೇಳುವವರನ್ನು ಒರಟರು ಅಂದುಕೊಳ್ಳುತ್ತಾರೆ. ಆಮೇಲೆ "ಆ ಕೋಮೊ ಎಲ್ ಕೀಲೊ?", ಕೆಜಿ ಹೇಗೆ ಅಂತ. ಆ್ಯಪ್ ಕಲಿಸುವ "ಕ್ವಾಂತೊ ಕ್ವೇಸ್ತಾ" ತಪ್ಪಲ್ಲ, ಆದರೆ ಸಂತೆಯ ಬಾಯಲ್ಲಿ ಓಡಾಡುವುದು "ಆ ಕೋಮೊ". "ಮೆ ದಾ ಮೇದ್ಯೊ ಕೀಲೊ, ಪೊರ್ ಫವೋರ್" ಅಂದರೆ ಅರ್ಧ ಕೆಜಿ ಕೊಡಿ. ಕಾಲು ಕೆಜಿಗೆ "ಉನ್ ಕ್ವಾರ್ತೊ". ಕೊತ್ತಂಬರಿ ಒಂದು ಕಟ್ಟು "ಉನ್ ಮನೋಹೊ". ನಮ್ಮ ಹಾಗೆ ದುಡ್ಡಿನ ಲೆಕ್ಕದಲ್ಲೂ ಕೇಳಬಹುದು: "ಮೆ ದಾ ದಿಯೇಸ್ ಪೇಸೊಸ್ ದೆ ಚೀಲೆ", ಹತ್ತು ಪೆಸೊಗೆ ಮೆಣಸಿನಕಾಯಿ. ಕೆಂಪು ಟೊಮೇಟೊಗೆ ಇಲ್ಲಿ "ಹಿತೊಮಾತೆ" ಅನ್ನಬೇಕು. "ತೊಮಾತೆ" ಅಂದರೆ ಸಿಪ್ಪೆ ಸುತ್ತಿದ ಹಸಿರು ಹುಳಿಕಾಯಿ ಕೊಡುತ್ತಾರೆ. ಅದರಲ್ಲಿ ಸಾರು ಬೇರೆಯೇ ರುಚಿ ಆಗುತ್ತದೆ.

ಸಂಖ್ಯೆಗಳಲ್ಲಿ ಎರಡು ಕಡೆ ಎಡವುತ್ತೇವೆ. ಎರಡು ಅಂದರೆ "ದೋಸ್", ಹನ್ನೆರಡು ಅಂದರೆ "ದೋಸೆ". ಹೌದು, ನಮ್ಮ ದೋಸೆಯೇ. ಅರವತ್ತು "ಸೆಸೆಂತಾ", ಎಪ್ಪತ್ತು "ಸೆತೆಂತಾ". ಅನುಮಾನ ಬಂದರೆ ನೀನೇ ತಿರುಗಿ ಹೇಳಿ ಕೇಳು, "ಸೆತೆಂತಾ?" ಅಂತ.

ರಟ್ಟಿನ ಮೇಲೆ ಬೆಲೆ ಬರೆದಿಟ್ಟ ತರಕಾರಿಗೆ ಚೌಕಾಸಿ ಮಾಡಬೇಡ. ಅಲ್ಲಿ ಕೇಳಬೇಕಾದ್ದು ಕೊಸರು. ಅದಕ್ಕೆ ಇಲ್ಲಿ "ಪಿಲೋನ್" ಅನ್ನುತ್ತಾರೆ. ಕೆಜಿ ತೂಗಿದ ಮೇಲೆ ನಗುತ್ತಾ "ಈ ಮಿ ಪಿಲೋನ್?" ಅಂದರೆ ಎರಡು ಮೆಣಸಿನಕಾಯಿಯೋ ಒಂದು ನಿಂಬೆಹಣ್ಣೋ ಚೀಲಕ್ಕೆ ಬೀಳುತ್ತದೆ. ನಮ್ಮಮ್ಮ "ಕೊಸರು ಹಾಕಪ್ಪಾ" ಅನ್ನುತ್ತಿದ್ದ ದನಿಯಲ್ಲೇ ಕೇಳು, ಸರಿಯಾಗಿರುತ್ತದೆ. ಒಂದೇ ಅಂಗಡಿಗೆ ನಾಲ್ಕು ವಾರ ಹೋದರೆ ಕೇಳುವ ಮುಂಚೆಯೇ ಹಾಕುತ್ತಾರೆ. ಕಡಿಮೆಗೆ ಬೇಕಿದ್ದರೆ ಅಂಗಡಿ ಎತ್ತುವ ಹೊತ್ತಿಗೆ ಹೋಗು. ಆಗ ಉಳಿದದ್ದನ್ನು ಗುಡ್ಡೆ ಲೆಕ್ಕದಲ್ಲಿ ಕೊಡುತ್ತಾರೆ. "ಆ ಕೋಮೊ ಎಲ್ ಮೊಂತೋನ್?", ಗುಡ್ಡೆ ಹೇಗೆ ಅಂತ ಕೇಳಿದರೆ ಸಾಕು.

ಇನ್ನು ಪಾತ್ರೆ, ಲೋಟ, ಬಟ್ಟೆ. ಇಲ್ಲಿ ಬೆಲೆ ಇಳಿಯುತ್ತದೆ, ಆದರೆ ಜಾಸ್ತಿ ಕೊಂಡರೆ ಇಳಿಯುವುದು ವಾಡಿಕೆ. ಹೋದ ತಿಂಗಳು ತೊನಲಾದಲ್ಲಿ ನಾನು ಚಹಾ ಕಪ್ಪು ಕೊಂಡದ್ದನ್ನೇ ಹೇಳುತ್ತೇನೆ. ತೊನಲಾ ಗ್ವಾದಲಹಾರಾಕ್ಕೆ ಅಂಟಿಕೊಂಡೇ ಇರುವ ಕುಂಬಾರರ ಊರು. ಗುರುವಾರ ಮತ್ತು ಭಾನುವಾರ ಅಲ್ಲಿ ದೊಡ್ಡ ತಿಯಾಂಗಿಸ್.

"ಆ ಕೋಮೊ ಲಾಸ್ ತಾಸಾಸ್?" ಅಂದೆ. "ಆ ಒಚೆಂತಾ" ಅಂದ, ಒಂದಕ್ಕೆ 80. "ಈ ಸಿ ಮೆ ಯೇವೊ ಸೇಯ್ಸ್?" ಅಂದೆ, ಆರು ತಗೊಂಡರೆ? "ಸೆ ಲಾಸ್ ದೇಹೊ ಆ ಸೆತೆಂತಾ." ಒಂದಕ್ಕೆ 70, ಒಟ್ಟು 420. ಆಗ ನಾನು ಕೇಳಿದೆ: "ಮೆ ಲಾಸ್ ದೇಹಾ ಎನ್ ಕ್ವಾತ್ರೊಸಿಯೆಂತೊಸ್?" ಆರಕ್ಕೂ ಸೇರಿ 400ಕ್ಕೆ ಬಿಡುತ್ತೀರಾ? "ಆಂದೆಲೆ ಪ್ವೆಸ್" ಅಂದ. ಅಂದರೆ ಆಗಲಿ ತಗೊಳ್ಳಿ. ಅಷ್ಟೇ ಚೌಕಾಸಿ. 480ರದ್ದು 400 ಆಯಿತು, ಇಬ್ಬರೂ ನಕ್ಕೆವು.

ಇದರಲ್ಲಿ ಎರಡು ವಿಷಯ ಗಮನಿಸು. ಬೆಲೆಯ ಮುಂದೆ "ಆ" ಬಂದರೆ ಒಂದೊಂದಕ್ಕೆ ಇಷ್ಟು, "ಎನ್" ಬಂದರೆ ಮೊತ್ತಕ್ಕೆ ಇಷ್ಟು. ಇನ್ನೊಂದು, "ದೇಹಾ". ನಿನ್ನ ಆ್ಯಪ್ ಬಹುಶಃ "ದೇಹಾಸ್" ಕಲಿಸಿರುತ್ತದೆ. ಅದು "ಬಿಡ್ತೀಯಾ", ಇದು "ಬಿಡ್ತೀರಾ". ಕೊನೆಯ ಒಂದು "ಸ್" ತೆಗೆದರೆ ಬಹುವಚನದ ಮರ್ಯಾದೆ ಬರುತ್ತದೆ. ನೀನು, ನೀವು ಗೊತ್ತಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ವಯಸ್ಸಾದವರ ಹತ್ತಿರ "ದೇಹಾಸ್" ಅಂದರೆ ಅಜ್ಜಿಗೆ "ಏ, ಎಷ್ಟಕ್ಕೆ ಕೊಡ್ತೀಯ" ಅಂದ ಹಾಗೆ.

"ತುಂಬಾ ದುಬಾರಿ" ಅಂತ ಹೇಳಬೇಡ, ಅದು ವಸ್ತುವನ್ನು ಹಳಿದಂತೆ. "ನೊ ಮೆ ಅಲ್ಕಾನ್ಸಾ" ಅನ್ನು. ನನ್ನ ಕೈಗೆ ಎಟುಕುವುದಿಲ್ಲ ಅಂತ ಅರ್ಥ. ಅವರಿಗೆ ಮನಸ್ಸಿದ್ದರೆ ಅವರೇ ಇಳಿಸುತ್ತಾರೆ. "ನೊ ಮೆ ಆಸೆ ಉನ್ ದೆಸ್ಕ್ವೆಂತೀತೊ?" ಅಂದರೆ ಒಂಚೂರು ಕಡಿಮೆ ಮಾಡಿಕೊಡಲ್ವಾ. "ಎಸ್ ಲೊ ಮೇನೊಸ್", ಇದೇ ಕಡೆಯ ಬೆಲೆ ಅಂದುಬಿಟ್ಟರೆ ಅಲ್ಲಿಗೆ ನಿಲ್ಲಿಸು. ಬೇಡವಾದರೆ "ಅಒರೀತಾ ರೆಗ್ರೇಸೊ, ಗ್ರಾಸಿಯಾಸ್" ಅಂತ ಹೊರಡು. ಈಗ ಬಂದೆ ಅಂತ. ನಮ್ಮಲ್ಲಿ "ಹೋಗಿಬರ್ತೀನಿ" ಅಂದ ಹಾಗೆ, ಯಾರೂ ಕಾಯುತ್ತಾ ಕೂರುವುದಿಲ್ಲ.

ನಿನಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಈಗ ಬರುತ್ತದೆ.

ನಾನು ಬಂದು ಮೂರು ತಿಂಗಳಾಗಿತ್ತು. ಒಂದು ಗುರುವಾರ ರಜೆ ಹಾಕಿ ತೊನಲಾಕ್ಕೆ ಹೋದೆ. ಬೆಳಗ್ಗೆ ಬೇಗ, ಇನ್ನೂ ಅರ್ಧ ಅಂಗಡಿ ತೆರೆದಿರಲಿಲ್ಲ. ಸಂತೆಯ ಕೊನೆಯ ಮೂಲೆಯಲ್ಲಿ ಒಬ್ಬ ಅಜ್ಜಿ ನೆಲದ ಮೇಲೆ ಬಟ್ಟೆ ಹಾಸಿ ಏಳೆಂಟು ಮಣ್ಣಿನ ಹೂಜಿ ಇಟ್ಟುಕೊಂಡಿದ್ದರು. ಚಕ್ಕೆಯ ಬಣ್ಣ, ಉಜ್ಜಿ ಉಜ್ಜಿ ಹೊಳಪು ತಂದಿದ್ದು. ಅದಕ್ಕೆ ಬಾರ್ರೊ ಕನೇಲೊ ಅನ್ನುತ್ತಾರೆ. ನೀರು ಇಟ್ಟರೆ ತಣ್ಣಗಾಗಿ ಮಣ್ಣಿನ ಪರಿಮಳ ಬರುತ್ತದೆ. ನಮ್ಮ ಅಡುಗೆಮನೆಯ ಮೂಲೆಯ ಹೂಜಿ ನೆನಪಾಯಿತು. ಬಿಟ್ಟು ಹೋಗಲು ಆಗಲಿಲ್ಲ.

ಅವರು 350 ಅಂದರು. ನಾನು ಬೆಂಗಳೂರಿನಲ್ಲಿ ಕಲಿತದ್ದನ್ನೇ ಮಾಡಿದೆ. ಅರ್ಧಕ್ಕಿಂತ ಕಡಿಮೆ, 150 ಅಂದೆ. ಅವರು ಸುಮ್ಮನಿದ್ದರು. ಆಮೇಲೆ 300 ಅಂದರು. ನಾನು ತಲೆ ಆಡಿಸಿ ನಡೆದುಬಿಟ್ಟೆ. ಕರೆಯುತ್ತಾರೆ ಅಂತ ಗೊತ್ತಿತ್ತು. ನಾಲ್ಕು ಹೆಜ್ಜೆ ಇಟ್ಟಿದ್ದೆ, ಕರೆದರು. 200ಕ್ಕೆ ಕೊಟ್ಟರು. ಕೊಡುವಾಗ "ಯೇವೆಸೆಲೊ, ಪಾರಾ ಪೆರ್ಸಿಗ್‌ನಾರ್‌ಮೆ" ಅಂದರು. ತಗೊಂಡು ಹೋಗಿ ಅನ್ನುವುದಷ್ಟೇ ಅರ್ಥವಾಯಿತು. ನನ್ನ ನೋಟನ್ನು ಹಣೆಗೆ, ಎದೆಗೆ, ಎರಡು ಭುಜಕ್ಕೆ ಮುಟ್ಟಿಸಿ ಮುತ್ತಿಟ್ಟು ಸೆರಗಿನ ಗಂಟಿನಂಥ ಚೀಲದಲ್ಲಿ ಇಟ್ಟುಕೊಂಡರು. ಭಕ್ತಿ ಜಾಸ್ತಿ ಅಂದುಕೊಂಡೆ. ಅವತ್ತು ಮನೆಯವರಿಗೆ ಫೋನಿನಲ್ಲಿ 350ರದ್ದು 200ಕ್ಕೆ ತಂದೆ ಅಂತ ಹೇಳಿಕೊಂಡೆ.

ಎಷ್ಟೋ ತಿಂಗಳ ಮೇಲೆ ಪಕ್ಕದ ಮನೆಯ ಸೆನ್ಯೋರಾ ಆ ಮಾತಿನ ಅರ್ಥ ಹೇಳಿದರು. ದಿನದ ಮೊದಲ ವ್ಯಾಪಾರದ ದುಡ್ಡಿನಿಂದ ಶಿಲುಬೆಯ ಗುರುತು ಮಾಡಿಕೊಳ್ಳುವುದು. ಬೋಣಿ! ನಾನು ಅವರ ಬೋಣಿ ಗಿರಾಕಿ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ನಷ್ಟವಾದರೂ ಕರೆದು ಕೊಟ್ಟಿದ್ದರು. ನಮ್ಮೂರಲ್ಲಿ ಬೋಣಿ ಹೊತ್ತಿನಲ್ಲಿ ಚೌಕಾಸಿ ಮಾಡಿದರೆ ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದರು. ಗೊತ್ತಿದ್ದ ವಿಷಯವನ್ನೇ ಬೇರೆ ಭಾಷೆಯಲ್ಲಿ ಗುರುತಿಸಲಾಗಲಿಲ್ಲ ನನಗೆ. ಆ ಹೂಜಿ ಯಂತ್ರದಲ್ಲಿ ಬಂದದ್ದಲ್ಲ. ಮಣ್ಣು ಕಲಸಿ, ಒಣಗಿಸಿ, ಕಲ್ಲಿನಲ್ಲಿ ಉಜ್ಜಿ, ಸುಟ್ಟು, ಹೊತ್ತು ತಂದದ್ದು. 150 ಪೆಸೊ ನನಗೆ ಅವತ್ತೂ ದೊಡ್ಡದಲ್ಲ.

ಆಮೇಲೆ ಮೂರು ಸಲ ಹುಡುಕಿಕೊಂಡು ಹೋದೆ. ಆ ಮೂಲೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇತ್ತು. ಅಕ್ಕಪಕ್ಕದವರನ್ನು ಕೇಳಿದರೆ ಯಾರಿಗೂ ತಿಳಿಯಲಿಲ್ಲ.

ಅದಕ್ಕೇ ತೊನಲಾದಲ್ಲಿ ಬೆಲೆಗಿಂತ ಮುಂಚೆ "ಉಸ್ತೇದ್ ಲೊ ಆಸೆ?" ಅಂತ ಕೇಳು, ನೀವೇ ಮಾಡಿದ್ದಾ ಅಂತ. ಒಂದರ ಹಾಗೆ ಇನ್ನೊಂದು ಇಲ್ಲದಿದ್ದರೆ, ಕೇಳಿದೊಡನೆ ಹೇಗೆ ಮಾಡಿದರು ಅಂತ ಹೇಳತೊಡಗಿದರೆ, ಕೇಳಿದಷ್ಟು ಕೊಡು. ಎರಡು ಮೂರು ಕೊಳ್ಳುವುದಿದ್ದರೆ ಮಾತ್ರ "ಈ ಸಿ ಮೆ ಯೇವೊ ದೋಸ್?" ಅಂತ ಕೇಳಬಹುದು. ಒಂದೇ ಅಚ್ಚಿನ ನೂರು ಕಪ್ಪು ಪೇರಿಸಿಟ್ಟವರ ಹತ್ತಿರ ಧೈರ್ಯವಾಗಿ ಸಗಟು ಬೆಲೆ ಕೇಳು: "ಆ ಕೋಮೊ ಎಲ್ ಮಯೊರೇಯೊ?" ಎಷ್ಟು ಕೊಂಡರೆ ಆ ಬೆಲೆ ಅನ್ನುವುದಕ್ಕೆ "ಆ ಪಾರ್ತೀರ್ ದೆ ಕ್ವಾಂತಾಸ್ ಪಿಯೇಸಾಸ್?" ಅಂದರೆ ಹೇಳುತ್ತಾರೆ.

ಮನೆ ಸಾಮಾನು ಒಂದೇ ಸಲ ಕೊಳ್ಳಬೇಡ, ಬಂದು ಒಂದು ವಾರ ಸುಧಾರಿಸಿಕೋ. ತೊನಲಾಕ್ಕೆ ಹೋಗುವ ದಿನ ಹೇಳು, ಜೊತೆಗೆ ಬರುತ್ತೇನೆ. ಹೋದಾಗಲೆಲ್ಲ ಆ ಕೊನೆಯ ಮೂಲೆಗೆ ಒಂದು ಸುತ್ತು ಹಾಕಿಯೇ ಬರುವುದು ನನಗೆ ರೂಢಿ. ಸ್ವಲ್ಪ ತಡವಾಗಬಹುದು, ಬೇಸರ ಮಾಡಿಕೊಳ್ಳಬೇಡ.