ಹಿಂಡಿ ಕಳಿಸಬೇಡಿ, ಅಳತೆ ಕಳಿಸಿ

ಪ್ರಶ್ನೆ: ನಾನು ಕಲಬುರಗಿಯವಳು. ಮಗಳು, ಅಳಿಯ ಇಂಗ್ಲೆಂಡಿನಲ್ಲಿ ಇದ್ದಾರೆ. ಊರಿಂದ ಯಾರಾದರೂ ಹೊರಟರೆ ಅವರ ಕೈಲಿ ಶೇಂಗಾ ಹಿಂಡಿ, ಮಸಾಲೆ ಖಾರ, ಕಡಕ್ ರೊಟ್ಟಿ, ತುಪ್ಪ ಕಳಿಸ್ತೀನಿ. ಅಲ್ಲಿ ಬೀದರ, ಯಾದಗಿರಿ ಕಡೆಯ ಹುಡುಗರು ರುಚಿ ನೋಡಿ, ರೊಕ್ಕ ಕೊಡ್ತೀವಿ, ನಮಗೂ ತರಿಸಿಕೊಡಿ ಅಂತಿದ್ದಾರಂತೆ. ತಿಂಗಳಿಗೆ ಹದಿನೈದು ಕಿಲೋ ಕಳಿಸಿದರೆ ಮಗಳು ಮಾರಬಹುದಾ? ಅಳಿಯನದು ಕೆಲಸದ ವೀಸಾ, ಮಗಳದು ಅವನ ಜೊತೆಗಿನ ಡಿಪೆಂಡೆಂಟ್ ವೀಸಾ.

ಉತ್ತರ: ಮಗಳು ಮಾರಬಹುದು ಅಕ್ಕಾವ್ರೇ. ಆದರೆ ನೀವು ಕಳಿಸಿದ್ದನ್ನಲ್ಲ, ಅವಳು ಅಲ್ಲೇ ಮಾಡಿದ್ದನ್ನು. ಯಾಕೆ ಅಂತ ಹೇಳ್ತೀನಿ.

ಮೊದಲು ವೀಸಾ. ಅಳಿಯನದು ಸ್ಕಿಲ್ಡ್ ವರ್ಕರ್ ವೀಸಾ ಆಗಿದ್ದರೆ, ಅವರು ಸ್ವಂತ ವ್ಯಾಪಾರ ಮಾಡುವ ಹಾಗಿಲ್ಲ. ಮಗಳಿಗೆ ಆ ಅಡ್ಡಿ ಇಲ್ಲ. ಆ ವೀಸಾದವರ ಗಂಡ ಅಥವಾ ಹೆಂಡತಿ ಕೆಲಸಕ್ಕೂ ಹೋಗಬಹುದು, ಸ್ವಂತ ಉದ್ಯೋಗವನ್ನೂ ಮಾಡಬಹುದು. ಹಾಗಾಗಿ ನೋಂದಣಿ, ಬ್ಯಾಂಕ್ ಖಾತೆ, ದುಡ್ಡು ಬರುವ ಹೆಸರು ಎಲ್ಲ ಮಗಳದೇ ಇರಲಿ. ಆರ್ಡರ್ ಬಂದಾಗ ಅಳಿಯನ ಖಾತೆಗೆ ಹಾಕಿಸಿಕೊಳ್ಳುವುದು ಸುಲಭ ಅನ್ನಿಸಬಹುದು. ದಯವಿಟ್ಟು ಬೇಡ. ಅವರ ವೀಸಾ ಮೇಲೆ ಇಡೀ ಸಂಸಾರ ನಿಂತಿದೆ. ಅಲ್ಲಿ ಓದಲು ಹೋದ ಹುಡುಗರಿಗೂ ಸ್ವಂತ ವ್ಯಾಪಾರಕ್ಕೆ ಅನುಮತಿ ಇಲ್ಲ. ಗೆಳೆಯರಲ್ಲಿ ಯಾರಾದರೂ ಪಾಲುದಾರರಾಗ್ತೀನಿ ಅಂದರೆ ಮಗಳು ಇದನ್ನು ನೆನಪಿಡಲಿ.

ಈಗ ಹಿಂಡಿಗೆ ಬರೋಣ. ಮನೆಯವರು ತಿನ್ನಲಿ ಅಂತ ಬ್ಯಾಗಿನಲ್ಲಿ ಒಂದೆರಡು ಕಿಲೋ ಒಯ್ಯುವುದು ಬೇರೆ, ಮಾರುವುದಕ್ಕೆ ತರಿಸುವುದು ಬೇರೆ. ಮಾರಾಟಕ್ಕೆ ಅಂದ ಕೂಡಲೇ ಅದು ಆಮದು. ಭಾರತದಿಂದ ಬರುವ ಶೇಂಗಾ ಮತ್ತು ಒಣಮೆಣಸಿನಕಾಯಿ ಎರಡೂ ಬ್ರಿಟನ್‌ನ ಜಾಸ್ತಿ ತಪಾಸಣೆಯ ಪಟ್ಟಿಯಲ್ಲಿವೆ. ಹುರಿದು ಪುಡಿ ಮಾಡಿದರೂ ಬಿಡುವುದಿಲ್ಲ. ಮೊದಲೇ ತಿಳಿಸಬೇಕು, ಗಡಿಯ ತಪಾಸಣೆ ಠಾಣೆ ಮೂಲಕವೇ ಮಾಲು ಒಳಗೆ ಬರಬೇಕು, ಅದರ ಖರ್ಚು ತರಿಸಿಕೊಂಡವರದ್ದೇ. ಈ ಕಡೆ ನಿಮಗೂ ರಫ್ತಿನ ಐಇಸಿ ಸಂಖ್ಯೆ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಖಾರದ ಪುಡಿಗಾದರೆ ಸ್ಪೈಸಸ್ ಬೋರ್ಡ್ ನೋಂದಣಿ ಬೇಕು. ಕಂಟೇನರ್‌ಗಟ್ಟಲೆ ಕಳಿಸುವವರಿಗೆ ಇದೆಲ್ಲ ಗಿಟ್ಟುತ್ತದೆ. ಹದಿನೈದು ಕಿಲೋಗೆ ಗಿಟ್ಟುವುದಿಲ್ಲ.

ಇದು ಸುಮ್ನೆ ಕಾಟ ಕೊಡುವ ಕಾನೂನು ಅಂದುಕೊಳ್ಳಬೇಡಿ. ಶೇಂಗಾ ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ, ಇಲ್ಲವೇ ಚೀಲದಲ್ಲಿ ತೇವ ಹಿಡಿದರೆ ಒಂದು ಜಾತಿಯ ಬೂಸ್ಟು ಬೆಳೆಯುತ್ತದೆ. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಲಿವರ್‌ಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ನೇರವಾಗಿ ತಿನ್ನುವ ಶೇಂಗಾದಲ್ಲಿ ಅಲ್ಲಿನ ಮಿತಿ ಕಿಲೋಗೆ 4 ಮೈಕ್ರೋಗ್ರಾಂ, ಅಂದರೆ ಒಂದು ಟನ್‌ಗೆ 4 ಮಿಲಿಗ್ರಾಂ. ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಮುರುಟಿದ, ಕಪ್ಪಗಾದ, ಬೂಸ್ಟು ಹಿಡಿದ ಕಾಳನ್ನು ನಮ್ಮ ತಾಯಂದಿರು ಹಸನು ಮಾಡುವಾಗ ತೆಗೆದು ಎಸೆಯುತ್ತಿದ್ದರಲ್ಲ, ಅದು ಬಹಳ ಒಳ್ಳೆಯ ರೂಢಿ. ಆದರೆ ಮಾರುವ ಮಾಲಿಗೆ ಅಷ್ಟೇ ಸಾಲದು.

ಹಾಗಾದರೆ ದಾರಿ ಏನು? ತಪಾಸಣೆ ಮುಗಿಸಿ ಒಳಗೆ ಬಂದ ಶೇಂಗಾ, ಮೆಣಸಿನಪುಡಿ, ಜೀರಿಗೆ ಅಲ್ಲಿನ ಸಗಟು ಅಂಗಡಿಗಳಲ್ಲೇ ಸಿಗುತ್ತವೆ. ಮಗಳು ಅಲ್ಲೇ ಕೊಳ್ಳಲಿ, ರಸೀದಿ ಜೋಪಾನ ಮಾಡಲಿ, ತನ್ನ ಅಡುಗೆಮನೆಯಲ್ಲೇ ಹಿಂಡಿ ಮಾಡಲಿ. ನೀವು ಕಳಿಸಬೇಕಾದದ್ದು ಅಳತೆ. ಅದನ್ನು ಮುಷ್ಟಿ, ಚಿಟಿಕೆ ಲೆಕ್ಕದಲ್ಲಿ ಹೇಳಬೇಡಿ. ಒಮ್ಮೆ ತಕ್ಕಡಿ ಇಟ್ಟುಕೊಂಡು ಮಾಡಿ, ಪ್ರತಿಯೊಂದನ್ನೂ ಗ್ರಾಂನಲ್ಲಿ ಬರೆದುಕೊಡಿ. ಇದು ರುಚಿಗೆ ಮಾತ್ರ ಅಲ್ಲ. ಪೊಟ್ಟಣದ ಮೇಲೆ ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕು, ಅದಕ್ಕೂ ಗ್ರಾಂ ಲೆಕ್ಕ ಬೇಕೇ ಬೇಕು.

ಮಾರಾಟ ಶುರುವಾಗುವ 28 ದಿನ ಮೊದಲೇ ಮಗಳು ತನ್ನ ಊರಿನ ಕೌನ್ಸಿಲ್‌ನಲ್ಲಿ ಆಹಾರ ವ್ಯಾಪಾರ ಅಂತ ನೋಂದಾಯಿಸಬೇಕು. ದುಡ್ಡು ಕೊಡುವಂತಿಲ್ಲ, ಕೌನ್ಸಿಲ್ ಬೇಡ ಅನ್ನುವಂತೆಯೂ ಇಲ್ಲ. "ನಾವು ವಾಟ್ಸಾಪ್‌ನಲ್ಲಿ ನಮ್ಮವರಿಗೆ ಮಾತ್ರ ಕೊಡ್ತೀವಿ" ಅಂದರೆ ವಿನಾಯಿತಿ ಸಿಗುವುದಿಲ್ಲ. ಮತ್ತೆ ಮತ್ತೆ ಮಾಡಿ ಮಾರಿದರೆ ಅದು ವ್ಯಾಪಾರವೇ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಮೊದಲು ತೆಗೆದುಕೊಳ್ಳಲಿ. ಆಮೇಲೆ ಅಧಿಕಾರಿ ಮನೆಗೆ ಬಂದು ಅಡುಗೆಮನೆ ನೋಡುತ್ತಾರೆ. ಬೆದರಬೇಕಾಗಿಲ್ಲ. ಕೈ ತೊಳೆಯುವುದು ಎಲ್ಲಿ, ಸಾಮಾನು ಇಡುವುದು ಎಲ್ಲಿ, ಯಾವ ದಿನ ಏನು ಮಾಡಿದೆ ಅಂತ ಬರೆದಿಟ್ಟ ಪುಸ್ತಕ ಎಲ್ಲಿ ಅಂತ ಕೇಳುತ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಲೇಬಲ್ ಬಗ್ಗೆ. ಶೇಂಗಾ ಅಲರ್ಜಿ ಇದ್ದವರಿಗೆ ಒಂದು ಚಿಟಿಕೆಯಿಂದಲೂ ಜೀವಕ್ಕೆ ಅಪಾಯ ಆಗಬಹುದು. ಬ್ರಿಟನ್‌ನಲ್ಲಿ 14 ಅಲರ್ಜಿ ಪದಾರ್ಥಗಳ ಪಟ್ಟಿ ಇದೆ. ಶೇಂಗಾ, ಎಳ್ಳು, ಸಾಸಿವೆ, ಗೋಧಿಯಂಥ ಗ್ಲುಟನ್ ಧಾನ್ಯ, ಹಾಲು ಅದರಲ್ಲಿವೆ. ಇವು ಸಾಮಗ್ರಿ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಎದ್ದು ಕಾಣಬೇಕು. ಹೆಸರು ಬರೀ "ಶೇಂಗಾ ಹಿಂಡಿ" ಅಂತ ಇದ್ದರೆ ಸಾಲದು, ಅದೇನು ಅಂತ ಇಂಗ್ಲಿಷಿನಲ್ಲೂ ತಿಳಿಯಬೇಕು. ಎಷ್ಟೋ ಜನ ತಪ್ಪುವುದು ಇಂಗಿನಲ್ಲಿ. ನಾವು ಡಬ್ಬಿಯಲ್ಲಿ ಕೊಳ್ಳುವ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಡಬ್ಬಿ ತಿರುಗಿಸಿ ಓದಿದರೆ ಗೊತ್ತಾಗುತ್ತದೆ. ಮಸಾಲೆ ಖಾರಕ್ಕೆ ಆ ಇಂಗು ಹಾಕಿದರೆ ಲೇಬಲ್ ಮೇಲೆ ಗೋಧಿ ಬರಲೇಬೇಕು. ಶೇಂಗಾ ಪುಡಿ ಮಾಡಿದ ಮಿಕ್ಸಿಯಲ್ಲೇ ಖಾರ ಕುಟ್ಟಿದರೆ ಖಾರಕ್ಕೂ ಶೇಂಗಾ ತಗಲುತ್ತದೆ. ಅದಕ್ಕೇ ಮಿಕ್ಸಿ ಜಾರು ಬೇರೆ ಇಡಲಿ, ಖಾರವನ್ನು ಬೇರೆ ದಿನ ಮಾಡಲಿ. ಇಷ್ಟು ಮಾಡಿದರೂ ಸೋಂಕದು ಅಂತ ಖಾತ್ರಿ ಇಲ್ಲದಿದ್ದರೆ ಅದನ್ನೂ ಪೊಟ್ಟಣದ ಮೇಲೆ ಬರೆಯಲಿ.

ಹಿಂಡಿ ಎಷ್ಟು ದಿನ ಬಾಳುತ್ತದೆ ಅನ್ನುವುದು ಬಳ್ಳೊಳ್ಳಿ ಮೇಲೆ ನಿಂತಿದೆ. ನಾನು ಅಲ್ಲಿದ್ದಾಗ ಮೊದಲ ಸಲ ಮಾಡಿದ ಹಿಂಡಿಗೆ ನಮ್ಮ ಮನೆಯ ರೂಢಿಯಂತೆ ಹಸಿ ಬಳ್ಳೊಳ್ಳಿ ಹಾಕಿ ಕುಟ್ಟಿದ್ದೆ. ಆ ದಿನದ ಘಮ ಈಗಲೂ ನೆನಪಿದೆ. ಆದರೆ ಹತ್ತು ದಿನಕ್ಕೆ ಪೊಟ್ಟಣದ ಮೂಲೆಯಲ್ಲಿ ಗಂಟು ಕಟ್ಟಿತು. ಒಡೆದು ನೋಡಿದರೆ ಒಳಗೆ ಬಿಳಿ ಬೂಸ್ಟು. ಹಂಚಿದ್ದನ್ನೆಲ್ಲ ವಾಪಸ್ ತರಿಸಿ ದುಡ್ಡು ಕೊಟ್ಟೆ. ಕಲಬುರಗಿಯಲ್ಲಿ ಗಾಳಿಯೇ ಒಣ, ವಾರದಲ್ಲಿ ಹಿಂಡಿ ಖಾಲಿ, ನಡೆಯುತ್ತದೆ. ಅಲ್ಲಿ ಮೋಡ, ತೇವ, ಮೇಲೆ ಗಾಳಿಯಾಡದ ಪೊಟ್ಟಣ. ಹಾಗಾಗಿ ಬಳ್ಳೊಳ್ಳಿಯನ್ನು ತೆಳ್ಳಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಗರಿಗರಿ ಆಗುವವರೆಗೆ ಒಣಗಿಸಿ ಹಾಕಬೇಕು. ಬೆರಳಲ್ಲಿ ಒತ್ತಿದರೆ ಬಗ್ಗಬಾರದು, ಪಟ್ಟನೆ ಮುರಿಯಬೇಕು. ಶೇಂಗಾ ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಬೇಕು. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಇಲ್ಲದಿದ್ದರೆ ಎಣ್ಣೆ ಬಿಟ್ಟುಕೊಂಡು ಬೇಗ ಕಮಟು ವಾಸನೆ ಬರುತ್ತದೆ. ಪ್ರತಿ ಸಲ ಮಾಡಿದಾಗ ಮೂರು ಪೊಟ್ಟಣ ಮನೆಯಲ್ಲೇ ಇಟ್ಟು ಎರಡು, ನಾಲ್ಕು, ಆರು ವಾರಕ್ಕೆ ಒಂದೊಂದು ಬಿಚ್ಚಿ ನೋಡಲಿ. ನಾಲ್ಕಕ್ಕೆ ಚೆನ್ನಾಗಿದ್ದು ಆರಕ್ಕೆ ಕಮಟಾದರೆ, ಪೊಟ್ಟಣದ ಮೇಲೆ ಮೂರು ವಾರ ಅಂತ ಬರೆಯಲಿ. ಅಧಿಕಾರಿ ಈ ತಾರೀಖು ಹೇಗೆ ಹಾಕಿದ್ರಿ ಅಂತ ಕೇಳಿದಾಗ ತೋರಿಸಲು ಆ ಬರಹ ಇರುತ್ತದೆ.

ಇನ್ನು ರೊಕ್ಕದ ಲೆಕ್ಕ. ಬೆಲೆ ಊರಿಂದ ಊರಿಗೆ ಬದಲಾಗುತ್ತದೆ, ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ. 4 ಕಿಲೋ ಶೇಂಗಾ ಕಿಲೋಗೆ 3 ಪೌಂಡಿನಂತೆ 12 ಪೌಂಡ್. ಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಸೇರಿ 5 ಪೌಂಡ್. ಹುರಿದು ಸಿಪ್ಪೆ ತೆಗೆದಾಗ ಕಳೆಯುವ ತೂಕವನ್ನು ಖಾರ, ಬಳ್ಳೊಳ್ಳಿ ತುಂಬಿಕೊಡುತ್ತವೆ. ಹೆಚ್ಚುಕಡಿಮೆ 4 ಕಿಲೋ ಹಿಂಡಿ, 200 ಗ್ರಾಂನ 20 ಪೊಟ್ಟಣ. ಸಾಮಾನಿನ ಖರ್ಚು ಪೊಟ್ಟಣಕ್ಕೆ 85 ಪೆನ್ಸ್. ಚೀಲ, ಲೇಬಲ್, ಕರೆಂಟು 45 ಪೆನ್ಸ್. ಒಟ್ಟು 1.30 ಪೌಂಡ್. ಮನೆಗೇ ಬಂದು ಒಯ್ಯುವವರಿಗೆ 4.50ಕ್ಕೆ ಕೊಟ್ಟರೆ ಪೊಟ್ಟಣಕ್ಕೆ 3.20 ಉಳಿಯಿತು, ಇಪ್ಪತ್ತಕ್ಕೆ 64 ಪೌಂಡ್. ಚೆನ್ನಾಗಿದೆ ಅಲ್ವಾ? ಆದರೆ ಹುರಿಯುವುದು, ಸಿಪ್ಪೆ ಹಾರಿಸುವುದು, ಪುಡಿ, ಪ್ಯಾಕು, ಮೆಸೇಜಿಗೆ ಉತ್ತರ ಎಲ್ಲ ಸೇರಿ 7 ತಾಸು ಹಿಡಿಯುತ್ತದೆ. ತಾಸಿಗೆ 9 ಪೌಂಡ್ ಚಿಲ್ಲರೆ. ಅದು ಅಲ್ಲಿನ ಕನಿಷ್ಠ ಕೂಲಿಗಿಂತ ಕಡಿಮೆ. 3 ಪೌಂಡಿಗೆ ಮಾರಿದರೆ ತಾಸಿಗೆ 5 ಪೌಂಡೂ ಉಳಿಯದು. ನಮ್ಮವರು ಅಂತ ಬೆಲೆ ಇಳಿಸುವ ಮೊದಲು ಮಗಳು ಈ ಲೆಕ್ಕ ಒಮ್ಮೆ ಬರೆದು ನೋಡಲಿ.

ಬೇರೆ ಊರಿನವರಿಗೆ ಅಂಚೆಯಲ್ಲಿ ಕಳಿಸುವಾಗ ದಪ್ಪ ನೋಡಿಕೊಳ್ಳಬೇಕು. ರಾಯಲ್ ಮೇಲ್‌ನಲ್ಲಿ ಎರಡೂವರೆ ಸೆಂಟಿಮೀಟರ್ ದಪ್ಪದೊಳಗೆ ಇದ್ದರೆ ದೊಡ್ಡ ಲಕೋಟೆ, ದಾಟಿದರೆ ಪಾರ್ಸೆಲ್. ದರದಲ್ಲಿ ಬಹಳ ವ್ಯತ್ಯಾಸ. ಹಿಂಡಿಯನ್ನು ಡಬ್ಬಿಗೆ ತುಂಬದೆ ಅಗಲ ಚೀಲದಲ್ಲಿ ಹಾಕಿ, ಅಂಗೈಯಿಂದ ಚಪ್ಪಟೆ ಮಾಡಿದರೆ 200 ಗ್ರಾಂ ಲಕೋಟೆಯಲ್ಲೇ ಹೋಗುತ್ತದೆ. ಕಡಕ್ ರೊಟ್ಟಿ ಹಾಗಲ್ಲ. ದಾರಿಯಲ್ಲೇ ಚೂರಾಗುತ್ತದೆ. ಮೊದಲ ವರ್ಷ ರೊಟ್ಟಿಯ ಆಸೆ ಬಿಡಿ.

ತೆರಿಗೆ ವಿಷಯ ಚಿಕ್ಕದು. ಅಲ್ಲಿ ಒಂದು ತೆರಿಗೆ ವರ್ಷದಲ್ಲಿ, ಅಂದರೆ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ, ಇಂಥ ಕಿರು ವ್ಯಾಪಾರದಿಂದ ಬರುವ ಮೊದಲ 1,000 ಪೌಂಡಿಗೆ ವಿನಾಯಿತಿ ಇದೆ. ಅದು ಲಾಭ ಅಲ್ಲ, ಕೈಗೆ ಬಂದ ಒಟ್ಟು ದುಡ್ಡು. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ ಒಂದೇ ಸಲ ಮಾಡಿದರೂ ವರ್ಷಕ್ಕೆ 1,080 ಪೌಂಡ್ ಬರುತ್ತದೆ, ಮಿತಿ ದಾಟಿತು. ಆಗ ವರ್ಷ ಮುಗಿದ ಮೇಲೆ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು. ಮೊದಲ ಪೊಟ್ಟಣದಿಂದಲೇ ಲೆಕ್ಕ ಬರೆದಿಡಲಿ.

ಇನ್ನೆರಡು ಮಾತು ನಿಮಗೇ. ತುಪ್ಪ ಕಳಿಸುವುದನ್ನು ನಿಲ್ಲಿಸಿ. ಭಾರತದಿಂದ ಹಾಲಿನ ಪದಾರ್ಥ ಬ್ಯಾಗಿನಲ್ಲಿ ಒಯ್ಯುವುದು, ಮನೆಗೆ ತಿನ್ನಲಿಕ್ಕೂ, ಅಲ್ಲಿ ನಿಷಿದ್ಧ. ಸಿಕ್ಕರೆ ಕಿತ್ತುಕೊಳ್ಳುತ್ತಾರೆ. ಮತ್ತೆ ನೀವು ಮಗಳ ಮನೆಗೆ ಹೋದಾಗ ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು. ಆದರೆ ವಿಸಿಟರ್ ವೀಸಾದಲ್ಲಿ ಹೋದವರು ಕೆಲಸ ಮಾಡುವಂತಿಲ್ಲ, ಸಂಬಳ ಇಲ್ಲದಿದ್ದರೂ. ಮನೆಮಂದಿಗೆ ಎಷ್ಟು ಬೇಕಾದರೂ ಹಿಂಡಿ ಮಾಡಿ ಬಡಿಸಿ. ಮಾರುವ ಹಿಂಡಿಯನ್ನು ಮಾತ್ರ ಮಗಳೇ ಕುಟ್ಟಲಿ, ನೀವು ಪಕ್ಕದಲ್ಲಿ ಕೂತು ರುಚಿ ಹೇಳಿ. ಅಳತೆಯ ಚೀಟಿಯನ್ನು ಈ ವಾರವೇ ಬರೆಯಿರಿ. ಬಳ್ಳೊಳ್ಳಿಯನ್ನು ಒಣಗಿಸುವ ಮೊದಲೂ ಒಣಗಿದ ಮೇಲೂ ತೂಗಿ ಎರಡೂ ಬರೆದಿಡಿ.