ಗೋಡೆಯಾಚೆಯ ಬೆಳಕು ಪಾತ್ರದ ಮೇಲೆ ಬೀಳುವುದೇಕೆ?

ಪ್ರಶ್ನೆ: ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಅಂಗಳ ಮತ್ತು ಪಡಸಾಲೆ ಇರುವ ಒಂದು ಮನೆಯ ಬೆಳಕನ್ನು ಪೂರ್ತಿ ಬೇಕ್ ಮಾಡಿ, ಅಂದರೆ ಮೊದಲೇ ಲೆಕ್ಕ ಹಾಕಿ ಉಳಿಸಿಟ್ಟು, ಓಡಾಡುವ ಪಾತ್ರಕ್ಕಾಗಿ ಆಯಾ ಜಾಗದ ಬೆಳಕನ್ನು ದಾಖಲಿಸುವ ಬಿಂದುಗಳಾದ ಲೈಟ್ ಪ್ರೋಬ್‌ಗಳನ್ನು ಸಮಾನ ಅಂತರದಲ್ಲಿ ಇಟ್ಟಿದ್ದೇನೆ. ಮಬ್ಬುಗತ್ತಲೆಯ ಪಡಸಾಲೆಯಲ್ಲಿ ಪಾತ್ರ ಹೊರಗೋಡೆಯ ಹತ್ತಿರ ಹೋದೊಡನೆ ಬಿಸಿಲಿನಲ್ಲಿ ನಿಂತಂತೆ ಹೊಳೆಯುತ್ತದೆ. ಹಳದಿ ದೀಪದ ಪಕ್ಕ ನಿಂತರೆ ಕೆನ್ನೆಯ ಆಚೆ ಬದಿಯಲ್ಲಿ ನೀಲಿಗಪ್ಪು ಕಲೆ ಕಾಣುತ್ತದೆ. ಪ್ರೋಬ್‌ಗಳನ್ನು ಹೆಚ್ಚಿಸಿದರೂ ಎರಡೂ ಹೋಗಲಿಲ್ಲ. ಏನು ಮಾಡಬೇಕು?

ಉತ್ತರ: ಈ ಎರಡು ದೋಷಗಳಿಗೆ ಕಾರಣ ಒಂದೇ ಅಲ್ಲ. ಮೊದಲನೆಯದು ಪ್ರೋಬ್‌ಗಳನ್ನು ಇಟ್ಟ ಜಾಗದಿಂದ ಬಂದದ್ದು. ಎರಡನೆಯದು ಪ್ರತಿಯೊಂದು ಪ್ರೋಬ್‌ನ ಒಳಗೆ ಬೆಳಕನ್ನು ಬರೆದಿಡುವ ಕ್ರಮದಿಂದಲೇ ಬಂದದ್ದು, ಆದ್ದರಿಂದ ಪ್ರೋಬ್‌ಗಳ ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ ಅದು ಹೋಗುವುದಿಲ್ಲ.

ಗೋಡೆಯ ವಿಷಯವನ್ನು ಮೊದಲು ನೋಡೋಣ. ಬೇಕ್ ಮಾಡುವಾಗ ಯೂನಿಟಿಯು ನಿಮ್ಮ ಪ್ರೋಬ್‌ಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿ ಇಡೀ ಜಾಗವನ್ನು ಚತುಷ್ಫಲಕಗಳಾಗಿ ಹಂಚುತ್ತದೆ. ಆಟ ನಡೆಯುವಾಗ ಪಾತ್ರದ ಮಧ್ಯಬಿಂದು ಯಾವ ಚತುಷ್ಫಲಕದಲ್ಲಿದೆ ಎಂದು ಹುಡುಕಿ, ಅದರ ನಾಲ್ಕು ಮೂಲೆಗಳ ಬೆಳಕನ್ನು ದೂರಕ್ಕೆ ತಕ್ಕ ಪ್ರಮಾಣದಲ್ಲಿ ಬೆರೆಸುತ್ತದೆ. ಈ ಬೆರಕೆಯ ಲೆಕ್ಕದಲ್ಲಿ ಗೋಡೆ ಎಂಬುದಕ್ಕೆ ಸ್ಥಾನವೇ ಇಲ್ಲ. ಒಂದು ಮೂಲೆ ಪಡಸಾಲೆಯಲ್ಲಿಯೂ ಇನ್ನೊಂದು ಅಂಗಳದಲ್ಲಿಯೂ ಇದ್ದರೆ ನಡುವಿನ ಗೋಡೆಯನ್ನು ದಾಟಿಯೇ ಬೆಳಕು ಬೆರೆಯುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಗೋಡೆಯ ದಪ್ಪ 20 ಸೆಂ.ಮೀ., ಒಳಗಿನ ಪ್ರೋಬ್ ಗೋಡೆಯಿಂದ 1.5 ಮೀಟರ್ ದೂರ, ಹೊರಗಿನದು 1 ಮೀಟರ್ ದೂರ ಇವೆ ಎನ್ನೋಣ. ಒಳಗಿನ ಬೆಳಕು 0.1, ಹೊರಗಿನದು 1 ಇರಲಿ. ಎರಡು ಪ್ರೋಬ್‌ಗಳ ನಡುವಿನ ಅಂತರ 2.7 ಮೀಟರ್. ಪಾತ್ರದ ಮಧ್ಯಬಿಂದು ಗೋಡೆಯಿಂದ 30 ಸೆಂ.ಮೀ. ಒಳಗಿದ್ದರೆ, ಅದು ಒಳಗಿನ ಪ್ರೋಬ್‌ನಿಂದ 1.2 ಮೀಟರ್ ಸರಿದಿರುತ್ತದೆ, ಅಂದರೆ ಹೊರಗಿನ ಪ್ರೋಬ್‌ನ ಪಾಲು 1.2 ÷ 2.7, ಸುಮಾರು 0.44. ಬೆರೆಸಿದ ಬೆಳಕು 0.5ರಷ್ಟಾಗುತ್ತದೆ. ಸುತ್ತಲಿನ ಗೋಡೆ ನೆಲಗಳಿಗಿಂತ ಐದು ಪಟ್ಟು ಬೆಳಗಿದ ಪಾತ್ರ ಹೊಳೆದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಪರಿಹಾರವೆಂದರೆ ಗೋಡೆಯ ಎರಡೂ ಮೈಗಳಿಂದ ಸುಮಾರು 20 ಸೆಂ.ಮೀ. ಬಿಟ್ಟು ಒಂದೊಂದು ಸಾಲು ಪ್ರೋಬ್‌ಗಳನ್ನು ಇಡುವುದು. ಆಗ ಒಳ ಹೊರಗಿನ ಬೆಳಕು ಬೆರೆಯುವ ಪಟ್ಟಿ 60 ಸೆಂ.ಮೀ.ಗೆ ಇಳಿದು ಗೋಡೆಗೇ ಅಂಟಿಕೊಳ್ಳುತ್ತದೆ, ಪಾತ್ರದ ಮಧ್ಯಬಿಂದು ಆ ಪಟ್ಟಿಯನ್ನು ತಲುಪುವುದೇ ಇಲ್ಲ. ಪ್ರೋಬ್‌ಗಳು ಗೋಡೆಯ ಒಳಗಾಗಲಿ ನೆಲದ ಕೆಳಗಾಗಲಿ ಹೂತುಹೋಗದಂತೆ ನೋಡಿಕೊಳ್ಳಿ, ಏಕೆಂದರೆ ಅಂಥವು ಕಪ್ಪಾಗಿ ಬೇಕ್ ಆಗಿ ಅಕ್ಕಪಕ್ಕವನ್ನೂ ಕಪ್ಪಾಗಿಸುತ್ತವೆ. ಬೆಳಕು ನಿಜವಾಗಿಯೂ ಬದಲಾಗುವ ಹೊಸ್ತಿಲಿನ ಎರಡು ಬದಿಗಳಲ್ಲಿ ಒತ್ತಾಗಿಯೂ, ಪಡಸಾಲೆಯ ನಡುವೆ ವಿರಳವಾಗಿಯೂ ಇಟ್ಟರೆ ಸಾಕು. ಸಮಾನ ಅಂತರದ ಜಾಲರಿ ನೋಡಲು ಅಚ್ಚುಕಟ್ಟಾಗಿದ್ದರೂ ಮನೆಯ ಒಳಾಂಗಣಕ್ಕೆ ಅದು ಒಗ್ಗದು ಎಂಬುದು ನನ್ನ ಅಭಿಪ್ರಾಯ. ಪಾತ್ರವನ್ನು ಆಯ್ಕೆ ಮಾಡಿದಾಗ ಅದಕ್ಕೆ ಬೆಳಕು ಕೊಡುತ್ತಿರುವ ಪ್ರೋಬ್‌ಗಳನ್ನು ಎಡಿಟರ್ ತೋರಿಸುತ್ತದೆ. ಪಾತ್ರವನ್ನು ಗೋಡೆಯ ಉದ್ದಕ್ಕೂ ಸರಿಸುತ್ತಾ ಆ ನಾಲ್ಕರಲ್ಲಿ ಯಾವುದಾದರೂ ಗೋಡೆಯಾಚೆ ಇದೆಯೇ ಎಂದು ನೋಡಿದರೆ ಸೋರಿಕೆಯ ಜಾಗ ತಾನಾಗಿ ತಿಳಿಯುತ್ತದೆ.

ಇನ್ನು ನೀಲಿಗಪ್ಪು ಕಲೆ. ಪ್ರೋಬ್ ಎಂದರೆ ಒಂದು ಬಿಂದುವಿಗೆ ಎಲ್ಲ ದಿಕ್ಕುಗಳಿಂದ ಬರುವ ಬೆಳಕಿನ ದಾಖಲೆ. ಅದನ್ನು ಚಿತ್ರವಾಗಿ ಇಡದೆ, ಸ್ಫೆರಿಕಲ್ ಹಾರ್ಮೋನಿಕ್ಸ್ ಎಂಬ ನಯವಾದ ಫಲನಗಳ ಮೊತ್ತವಾಗಿ, ಪ್ರತಿ ಬಣ್ಣಕ್ಕೆ 9 ಗುಣಾಂಕಗಳಂತೆ ಒಟ್ಟು 27 ಸಂಖ್ಯೆಗಳಲ್ಲಿ ಇಡುತ್ತಾರೆ. ಹೊಳಪಿಲ್ಲದ ಮೇಲ್ಮೈ ಒಂದಿಡೀ ಅರ್ಧಗೋಳದ ಬೆಳಕನ್ನು ಸರಾಸರಿ ಮಾಡುವುದರಿಂದ ಸೂಕ್ಷ್ಮ ವಿವರಗಳು ಹೇಗೂ ಅಳಿಸಿಹೋಗುತ್ತವೆ, ಹಾಗಾಗಿ 9 ಗುಣಾಂಕಗಳೇ ಬಹುತೇಕ ಸಾಕು ಎಂದು ರವಿ ರಾಮಮೂರ್ತಿ ಮತ್ತು ಪ್ಯಾಟ್ ಹನ್ರಹಾನ್ 2001ರಲ್ಲಿ ತೋರಿಸಿದರು. ಅವರು ಹೇಳಿದ ತಪ್ಪಿನ ಪ್ರಮಾಣ ಸುಮಾರು ಶೇ. 1. ಆದರೆ ಅದು ಸರಾಸರಿ. ಬೆಳಕೆಲ್ಲ ಒಂದೇ ಕಿರಿದಾದ ದಿಕ್ಕಿನಿಂದ ಬಂದಾಗ ತಪ್ಪು ಎದ್ದು ಕಾಣುತ್ತದೆ, ನಿಮ್ಮ ದೀಪ ಅಂಥದ್ದೇ.

ದೀಪದ ತೀವ್ರತೆ 1 ಎಂದೂ, ಮೇಲ್ಮೈ ಮುಖಮಾಡಿದ ದಿಕ್ಕಿಗೂ ದೀಪದ ದಿಕ್ಕಿಗೂ ನಡುವಿನ ಕೋನದ ಕೊಸೈನ್ `c` ಎಂದೂ ಇಟ್ಟುಕೊಂಡರೆ, ಸಿಗಬೇಕಾದ ಬೆಳಕು `max(c, 0)`. 9 ಗುಣಾಂಕಗಳಿಂದ ಮರಳಿ ಕಟ್ಟಿದಾಗ ಸಿಗುವುದು ಇಷ್ಟು:

```
E(c) = 3/32 + c/2 + 15c²/32
```

ದೀಪಕ್ಕೆ ನೇರ ಎದುರಾದ ಮೇಲ್ಮೈಗೆ 1ರ ಬದಲು 1.06 ಬರುತ್ತದೆ, ಅದು ಯಾರ ಕಣ್ಣಿಗೂ ಬೀಳದು. ಅಡ್ಡಬದಿಗೆ, ಅಂದರೆ 90 ಡಿಗ್ರಿಗೆ, ಸೊನ್ನೆಯ ಬದಲು 0.09. ಆದರೆ ಸುಮಾರು 104ರಿಂದ 145 ಡಿಗ್ರಿಯವರೆಗೆ ಬೆಲೆ ಸೊನ್ನೆಗಿಂತ ಕೆಳಗಿಳಿದು, 122 ಡಿಗ್ರಿಯಲ್ಲಿ −0.04ರಷ್ಟಾಗುತ್ತದೆ, ಬೆನ್ನಿನ ನೇರ ಹಿಂದೆ ಮತ್ತೆ 0.06ಕ್ಕೆ ಏರುತ್ತದೆ. ಋಣ ಬೆಳಕು ಎಂಬುದು ಲೋಕದಲ್ಲಿಲ್ಲ, ಆದರೂ ಕೂಡುವ ಲೆಕ್ಕದಲ್ಲಿ ಅದು ಪಡಸಾಲೆಯ ಉಳಿದ ಬೆಳಕನ್ನು ಕಳೆದುಬಿಡುತ್ತದೆ.

ನೀಲಿ ಎಲ್ಲಿಂದ ಬಂತು ಎಂಬುದೂ ಇದರಲ್ಲಿಯೇ ಇದೆ. ದೀಪದ ಕೆಂಪು, ಹಸಿರು, ನೀಲಿ ಬೆಲೆಗಳು 1, 0.7, 0.4 ಎಂದೂ, ಕೋಣೆಯ ಸುತ್ತುಬೆಳಕು ಮೂರರಲ್ಲಿಯೂ 0.03 ಎಂದೂ ಇಟ್ಟುಕೊಳ್ಳಿ. 122 ಡಿಗ್ರಿಯ ಕಡೆ ಕೆಂಪು −0.01 ಆಗಿ ಸೊನ್ನೆಗೆ ಕತ್ತರಿಸಲ್ಪಡುತ್ತದೆ, ಹಸಿರು 0.002 ಉಳಿಯುತ್ತದೆ, ನೀಲಿ 0.014 ಉಳಿಯುತ್ತದೆ. ದೀಪ ಹಳದಿಯಾದಷ್ಟೂ ಕಲೆ ನೀಲಿಯಾಗುತ್ತದೆ. ನಿಜವಾದ ನೆರಳಿನಿಂದ ಇದನ್ನು ಬೇರ್ಪಡಿಸುವ ಗುರುತೂ ಇದೆ: ನೆರಳಾದರೆ ಹಿಂದೆ ಹೋದಂತೆ ಮತ್ತೆ ಬೆಳಗುವುದಿಲ್ಲ, ಈ ದೋಷದಲ್ಲಿ ಕಪ್ಪು ಪಟ್ಟಿಯನ್ನು ದಾಟಿದ ಮೇಲೆ ತಲೆಯ ಹಿಂಭಾಗ ಮತ್ತೆ ತುಸು ಬೆಳಗುತ್ತದೆ. ಪಾತ್ರವನ್ನು ನಿಂತಲ್ಲೇ ತಿರುಗಿಸಿದರೆ ಪಟ್ಟಿ ಕೆನ್ನೆಯೊಂದಿಗೆ ತಿರುಗದೆ ದೀಪದ ದಿಕ್ಕಿಗೇ ಕಚ್ಚಿಕೊಂಡಿರುತ್ತದೆ.

ನಿಮ್ಮ ದೀಪ `Baked` ಆಗಿರುವುದರಿಂದ ಅದರ ನೇರ ಬೆಳಕು ಕೂಡ ಪ್ರೋಬ್‌ಗೆ ಸೇರಿದೆ. ಅದನ್ನು `Mixed` ಮಾಡಿ, ದೃಶ್ಯದ ಬೆಳಕಿನ ಕ್ರಮವನ್ನು `Baked Indirect` ಎಂದು ಇಟ್ಟರೆ ಪ್ರೋಬ್‌ನಲ್ಲಿ ಗೋಡೆ ನೆಲಗಳಿಂದ ಚಿಮ್ಮಿ ಬಂದ ಬೆಳಕು ಮಾತ್ರ ಉಳಿಯುತ್ತದೆ. ಅದು ಹಲವು ದಿಕ್ಕುಗಳಿಂದ ಬರುವ ಮೃದುವಾದ ಬೆಳಕಾದ್ದರಿಂದ 9 ಗುಣಾಂಕಗಳಲ್ಲಿ ಚೆನ್ನಾಗಿ ಹಿಡಿಸುತ್ತದೆ. ನೇರ ಬೆಳಕನ್ನು ಆಟ ನಡೆಯುವಾಗಲೇ ಲೆಕ್ಕ ಹಾಕಲಾಗುತ್ತದೆ. ನಾನಾದರೆ ಈ ದಾರಿಯನ್ನೇ ಹಿಡಿಯುತ್ತೇನೆ.

ಅಗ್ಗದ ಮೊಬೈಲ್‌ಗೆ ಆ ಖರ್ಚು ಹೆಚ್ಚೆನಿಸಿದರೆ `Light Probe Group`ನಲ್ಲಿರುವ `Remove Ringing` ಅನ್ನು ಆನ್ ಮಾಡಿ ಮತ್ತೆ ಬೇಕ್ ಮಾಡಬಹುದು. ಅದರ ಹಿಂದಿನ ತತ್ತ್ವವೆಂದರೆ ದಿಕ್ಕನ್ನು ಹೇಳುವ ಮೇಲಿನ ಗುಣಾಂಕಗಳನ್ನು ಕುಗ್ಗಿಸುವುದು. ಉದಾಹರಣೆಗೆ, ಎರಡನೆಯ ಹಂತದ ಮೂರು ಗುಣಾಂಕಗಳನ್ನು 0.8ರಿಂದಲೂ ಮೂರನೆಯ ಹಂತದ ಐದನ್ನು 0.6ರಿಂದಲೂ ಗುಣಿಸಿದರೆ ಮೇಲಿನ ಲೆಕ್ಕದ ಕನಿಷ್ಠ ಬೆಲೆ −0.04ರಿಂದ 0.014ಕ್ಕೆ ಏರಿ ಕಲೆ ಮಾಯವಾಗುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಎಂದರೆ ದೀಪದ ಎದುರಿನ ಮುಖದ ಬೆಳಕು 1.06ರಿಂದ 0.84ಕ್ಕೆ ಇಳಿದು, ಪಾತ್ರದ ಮುಖ ತುಸು ಚಪ್ಪಟೆಯಾಗಿ ಕಾಣುತ್ತದೆ.

ಇವೆರಡೂ ಸರಿಹೋದ ಮೇಲೆ ಪಾತ್ರದ ತಲೆ, ಮೈ, ಕೈಯಲ್ಲಿರುವ ಕೋಲು ಬೇರೆ ಬೇರೆ ರೆಂಡರರ್‌ಗಳಾಗಿದ್ದರೆ ಇನ್ನೊಂದು ಚಿಕ್ಕ ದೋಷ ಕಾಣಬಹುದು: ಪ್ರತಿಯೊಂದೂ ತನ್ನ ಮಧ್ಯಬಿಂದುವಿನಿಂದ ಬೆಳಕನ್ನು ಪಡೆಯುವುದರಿಂದ ಹೊಸ್ತಿಲಲ್ಲಿ ಕೋಲು ಅಂಗಳದ ಬೆಳಕಿನಲ್ಲಿಯೂ ಮೈ ಪಡಸಾಲೆಯ ಬೆಳಕಿನಲ್ಲಿಯೂ ಇರುತ್ತವೆ. ಎಲ್ಲ ರೆಂಡರರ್‌ಗಳ `Anchor Override`ನಲ್ಲಿ ಪಾತ್ರದ ಸೊಂಟದ ಮೂಳೆಯನ್ನೇ ಕೊಡಿ.