ಹಾವು ಕಚ್ಚಿದ ನಾಯಿಯ ಕಾಲು ಕಟ್ಟಬೇಡಿ, ಗಾಡಿ ಹತ್ತಿಸಿ

"ತೊಗರಿ ಹೊಲದಾಗ ಸಂಜಿಮುಂದ ನಮ್ಮ ರಾಜಾನ ಮುಂಗಾಲಿಗೆ ಹಾವು ಕಚ್ಚಿತ್ರಿ. ದಪ್ಪ ಮೈ, ಬೆನ್ನ ಮ್ಯಾಲೆ ಸಾಲಾಗಿ ಕಂದು ಮಚ್ಚಿ, ಕುಕ್ಕರ್ ಸೀಟಿ ಹೊಡದಂಗ ಬುಸುಗುಡ್ತಿತ್ತು. ಮಂದಿ ಹೇಳಿದಂಗ ಕಾಲಿಗೆ ಹಗ್ಗ ಬಿಗದು, ತುಪ್ಪ ಕುಡಿಸಿ, ಹೊರಡೂದ್ರಾಗ ಎರಡು ತಾಸು ಆಯ್ತು. ನಾಯಿ ಉಳೀತು, ಕಾಲಿನ ಚರ್ಮ ಕೊಳತು ಹೋತು. ದವಾಖಾನಿ ದೂರ ಐತ್ರಿ. ಮತ್ತ ಹಿಂಗಾದ್ರ ದಾರ್ಯಾಗ ಏನು ಮಾಡಬೇಕು?"
– ಓದುಗರು, ಭಾಲ್ಕಿ ತಾಲೂಕು

ನಮಸ್ಕಾರ. ನೀವು ಹೇಳಿದ ಗುರುತು ನೋಡಿದರೆ ಅದು ಕೊಳಕು ಮಂಡಲ ಇರಬಹುದು. ಇದರ ವಿಷ ಕಚ್ಚಿದ ಜಾಗದ ಮಾಂಸವನ್ನು ಸಾಯಿಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಕಿಡ್ನಿಗೂ ಪೆಟ್ಟು ಕೊಡುತ್ತದೆ. ಹಗ್ಗ ಬಿಗಿದರೆ ಅಷ್ಟೂ ವಿಷ ಆ ಕಾಲಲ್ಲೇ ನಿಲ್ಲುತ್ತದೆ. ಮೇಲಿಂದ ಕಾಲು ಬಾತಂತೆ ಹಗ್ಗ ಇನ್ನಷ್ಟು ಬಿಗಿಯುತ್ತದೆ, ರಕ್ತವೂ ಹೋಗುವುದಿಲ್ಲ. ರಾಜಾನ ಚರ್ಮ ಹೋದದ್ದರಲ್ಲಿ ವಿಷದ ಜೊತೆ ಆ ಹಗ್ಗದ ಪಾಲೂ ಇರಬಹುದು. ನಿಮ್ಮ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ನಮ್ಮ ಕಡೆ ಎಲ್ಲರೂ ಮೊದಲು ಮಾಡುವುದೇ ಅದು, ಅಲ್ವಾ?

ಯಾರಾದರೂ ಆಗಲೇ ಕಟ್ಟಿಬಿಟ್ಟಿದ್ದರೆ? ಕಟ್ಟಿ ಒಂದೆರಡು ನಿಮಿಷ ಆಗಿದ್ದರೆ ಬಿಚ್ಚಿಬಿಡಿ. ಬಹಳ ಹೊತ್ತಾಗಿದ್ದರೆ ದಾರಿಯಲ್ಲಿ ನೀವೇ ಬಿಚ್ಚಬೇಡಿ, ನಿಂತ ವಿಷ ಒಮ್ಮೆಲೇ ಮೈಗೆ ಹರಿಯುತ್ತದೆ. ಡಾಕ್ಟರರಿಗೆ ಫೋನಿನಲ್ಲೇ ಹೇಳಿ, ಅವರು ಸಲೈನ್ ಹಚ್ಚಿಕೊಂಡು ಬಿಚ್ಚಿಸುತ್ತಾರೆ.

ಈಗ ದಾರಿಯ ಮಾತು. ನಾಯಿಯನ್ನು ನಡೆಸಬೇಡಿ. ನಡೆದಷ್ಟೂ ವಿಷ ಬೇಗ ಏರುತ್ತದೆ. ಗೋಣಿಚೀಲ ಇಲ್ಲವೇ ಚಾದರದ ಮೇಲೆ ಮಲಗಿಸಿ ಇಬ್ಬರು ಎತ್ತಿ. ಕೊರಳಪಟ್ಟಿ ತೆಗೆಯಿರಿ. ನಾಯಿ ಮೂಗು ಚಾಚಿ ಮೂಸುತ್ತದೆ, ಹಾಗಾಗಿ ಮುಖಕ್ಕೂ ಕಡಿತ ಜಾಸ್ತಿ. ಆಗ ಕೊರಳು ಬಾತು ಪಟ್ಟಿಯೇ ಉಸಿರು ಕಟ್ಟಿಸುತ್ತದೆ. ನೋವಿಗೆ ನಾಯಿ ನಿಮ್ಮನ್ನೇ ಕಚ್ಚಬಹುದು, ಆದರೂ ಮುಖ ಬಾತಿದ್ದರೆ, ವಾಂತಿ ಆಗುತ್ತಿದ್ದರೆ, ಉಸಿರಿಗೆ ಕಷ್ಟವಾಗಿದ್ದರೆ ಬಾಯಿ ಕಟ್ಟಲೇಬೇಡಿ. ಬೈಕಾದರೆ ಹಿಂದೆ ಕೂತವರು ಚಾದರ ಸಮೇತ ತೊಡೆ ಮೇಲೆ ಇಟ್ಟುಕೊಳ್ಳಲಿ. ಒಂದು ಮಗ್ಗುಲಾಗಿ, ಕೊರಳು ನೆಟ್ಟಗೆ, ಜೊಲ್ಲು ಹೊರಗೆ ಹರಿಯುವಂತೆ ಇರಲಿ.

ಹಾವು ಕಚ್ಚಿದ ಹೊತ್ತು ಬರೆದಿಟ್ಟುಕೊಳ್ಳಿ. ಬಾವು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಹಾಕಿ. ಗೆರೆ ದಾಟಿ ಮೇಲೆ ಏರಿದರೆ ಅದು ಡಾಕ್ಟರರಿಗೆ ದೊಡ್ಡ ಸುಳಿವು. ವಸಡಿನಿಂದ ರಕ್ತ, ಕೆಂಪು ಮೂತ್ರ ಕಂಡರೆ ಅದನ್ನೂ ಹೇಳಿ. ನಾಗರಹಾವಾಗಿದ್ದರೆ ರೆಪ್ಪೆ ಜೋತು ಬೀಳುತ್ತದೆ, ನಡೆ ತೂರಾಡುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಕಟ್ಟು ಹಾವಿನ ಕಡಿತದಲ್ಲಿ ಬಾವು ಅಷ್ಟಾಗಿ ಕಾಣುವುದೇ ಇಲ್ಲ. ಆದ್ದರಿಂದ ಬಾವಿಲ್ಲ ಅಂತ ಸುಮ್ನೆ ಮನೇಲಿ ಕೂರಬಾರದು. ಹಾವಿನ ಬೆನ್ನು ಹತ್ತಬೇಡಿ. ದೂರದಿಂದ ಫೋಟೋ ಸಿಕ್ಕರೆ ಸಾಕು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ನಮ್ಮಲ್ಲಿ ಸಿಗುವ ಹಾವಿನ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ.

ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು ಬೇಡ. ರಕ್ತ ಹೆಪ್ಪುಗಟ್ಟದ ನಾಯಿಗೆ ಬ್ಲೇಡ್ ತಾಗಿಸಿದರೆ ಆ ಗಾಯವೇ ಕೊಲ್ಲಬಹುದು. ತುಪ್ಪ, ಹಾಲು, ನೀರು ಏನೂ ಕುಡಿಸಬೇಡಿ, ನುಂಗಲಾಗದೆ ಪುಪ್ಪುಸಕ್ಕೆ ಹೋಗುತ್ತದೆ. ಮನೆಯಲ್ಲಿರುವ ನೋವಿನ ಗುಳಿಗೆಯಂತೂ ಕೊಡಲೇಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಮೊದಲೇ ಸೋತ ಕಿಡ್ನಿಯನ್ನು ಪೂರ್ತಿ ಕೆಡಿಸುತ್ತವೆ, ರಕ್ತಸ್ರಾವವನ್ನೂ ಹೆಚ್ಚಿಸುತ್ತವೆ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹೊರಡುವಾಗಲೇ ದವಾಖಾನೆಗೆ ಫೋನ್ ಮಾಡಿ, ಪ್ರತಿವಿಷ ಇದೆಯೇ ಕೇಳಿ. ಇಲ್ಲದ ಕಡೆ ಹೋಗಿ ಮತ್ತೆ ಇನ್ನೊಂದು ಊರಿಗೆ ಓಡಿದರೆ ತಾಸುಗಟ್ಟಲೆ ಕೈಬಿಟ್ಟು ಹೋಗುತ್ತದೆ. ನಾಯಿಗೆ ಕೊಡುವುದೂ ಮನುಷ್ಯರಿಗೆ ಕೊಡುವ ಪ್ರತಿವಿಷವೇ. ಹಾಗಾಗಿ ಡಾಕ್ಟರರು ಚೀಟಿ ಬರೆದುಕೊಟ್ಟರೆ ಔಷಧಿ ಅಂಗಡಿಯಲ್ಲೂ ವಿಚಾರಿಸಬಹುದು. ಆದರೆ ತಂದು ನೀವೇ ಚುಚ್ಚಬೇಡಿ. ಕುದುರೆ ರಕ್ತದಿಂದ ತಯಾರಾದ ಮದ್ದು, ಅಲರ್ಜಿ ಆಗಿ ನಾಯಿ ಕುಸಿದು ಬೀಳಬಹುದು. ಸಲೈನ್‌ನಲ್ಲಿ ಬೆರೆಸಿ ರಕ್ತನಾಳಕ್ಕೇ ಕೊಡಬೇಕು. ನಾಯಿ ಸಣ್ಣದು ಅಂತ ಮದ್ದು ಕಡಿಮೆ ಸಾಕಾಗುವುದಿಲ್ಲ, ಏಕೆಂದರೆ ಮದ್ದು ಎದುರಿಸಬೇಕಾದದ್ದು ಹಾವು ಬಿಟ್ಟ ವಿಷವನ್ನು. ಖರ್ಚು ಏರುವುದಕ್ಕೆ ಇದೂ ಒಂದು ಕಾರಣ.

ದವಾಖಾನೆಯಲ್ಲಿ ಡಾಕ್ಟರರು ಒಣ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಬಹುದು. ರಕ್ತ ಇನ್ನೂ ನೀರಾಗಿಯೇ ಹರಿದರೆ ಮಂಡಲದ ವಿಷ ಏರಿದೆ ಅಂತ. ಮೊದಲ ಸಲ ಸರಿ ಬಂದರೂ ಕೆಲವು ತಾಸು ಬಿಟ್ಟು ಮತ್ತೆ ನೋಡುತ್ತಾರೆ. ಅಷ್ಟರೊಳಗೆ ಮನೆಗೆ ಕರೆದೊಯ್ಯಲು ಅವಸರ ಮಾಡಬೇಡಿ. ಮನೆಗೆ ಬಂದ ಮೇಲೂ ಕೆಲವು ದಿನ ಮೂತ್ರ ಸರಿಯಾಗಿ ಆಗುತ್ತಿದೆಯೇ ಗಮನಿಸಿ.

ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ನಿಮ್ಮ ತಾಲೂಕಿನ ಪಶು ಆಸ್ಪತ್ರೆ, ಹತ್ತಿರದ ಖಾಸಗಿ ಡಾಕ್ಟರ್, ಇವರ ನಂಬರನ್ನು ಈ ವಾರವೇ ಗೋಡೆ ಮೇಲೆ ಬರೆದಿಡಿ. ರಾತ್ರಿ ಯಾರು ಸಿಗುತ್ತಾರೆ, ಪ್ರತಿವಿಷ ಯಾರ ಹತ್ತಿರ ಇರುತ್ತದೆ ಅಂತ ಕೇಳಿ ಪಕ್ಕದಲ್ಲೇ ಗುರುತು ಹಾಕಿ. ಪಶು ಸಹಾಯವಾಣಿ 1962 ಕೂಡ ಅಲ್ಲಿರಲಿ. ಆದರೆ ಅವರ ಗಾಡಿ ಬರಲಿ ಅಂತ ಕಾಯುತ್ತಾ ಕೂರಬೇಡಿ, ಕೈಗೆ ಸಿಕ್ಕ ಗಾಡಿಯಲ್ಲಿ ಹೊರಟು ದಾರಿಯಿಂದ ಫೋನ್ ಮಾಡಿ.

– ಸಂಪಾದಕ